ಹೆಸರಿಲ್ಲದ ಕೊಳಲಿಗೆ ಹೆಸರು

ಗುಬ್ಬಿಯಿಂದ ತುಮಕೂರಿಗೆ ಬಸ್‌ನಲ್ಲಿ ಹೊರಟಿದ್ದೆ. ಕುಣಿಗಲ್‌ನ ಗೆಳೆಯ ಹೆಸರೇ ಇಲ್ಲದ ಕೊಳಲಿನ ವಿಡಿಯೊ ಕಳಿಸಿ, ‘ಲೋ, ಇದ್ಯಾವ ಹಾಡೋ? ಅಕ್ಕನ ಮದುವೇಲಿ ನುಡಿಸಬೇಕು, ಒರಿಜಿನಲ್ ಬೇಕು’ ಎಂದ.

ಪಲ್ಲವಿ ಕೇಳಿದವನೇ ಹಿಂದಿಯ ‘ಚೀನಿ ಕಮ್’ (2007) ಚಿತ್ರದ ‘ಜಾನೇ ದೋ ನಾ’ ಎಂದುಬಿಟ್ಟೆ. ಆಮೇಲೆ ಅನುಮಾನ ಬಂತು. ಹಿಂದಿ ಹಾಡು ನಿಧಾನ, ಇದು ಚುರುಕು. ಆದರೆ ವೇಗವನ್ನು ನುಡಿಸುವವರು ಬದಲಿಸಬಹುದು; ಅದೊಂದೇ ಸಾಲದು. ಹಾಗಾಗಿ ಪಲ್ಲವಿ, ಚರಣಗಳ ನಡುವಿನ ವಾದ್ಯಸಂಗೀತವನ್ನಷ್ಟೇ ಮತ್ತೆ ಮತ್ತೆ ಕೇಳಿದೆ. ಹಿಂದಿಗೆ ಹೊಂದಲಿಲ್ಲ, ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ‘ಜೊತೆಯಲಿ’ಗೆ ಸರಿಯಾಗಿ ಕೂಡಿತು.

ಎರಡೂ ಇಳಯರಾಜ ಅವರದೇ. ಟ್ಯೂನ್ ಒಂದೇ ಆದ್ದರಿಂದ ಪಲ್ಲವಿ ನನ್ನನ್ನು ದಾರಿ ತಪ್ಪಿಸಿತು, ನಡುವಿನ ತುಣುಕು ದಾರಿಗೆ ತಂದಿತು. ಗೆಳೆಯ ಈಗ ಆ ತುಣುಕನ್ನೇ ಕಲಿಯುತ್ತಿದ್ದಾನೆ.