ಯಾವ ಗೇಟು, ಎಷ್ಟು ಗಂಟೆ, ಏನು ತರಬೇಕು?

ಕೆರೆ ಸ್ವಚ್ಛತೆಗೆ ಕರೆಯುವ ಸಂದೇಶಗಳು ನಮ್ಮ ಊರುಗಳ ವಾಟ್ಸಾಪ್ ಗುಂಪುಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತವೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಉದಾಹರಣೆಗೆ ಇಟ್ಟುಕೊಂಡು ಒಂದು ಮಾದರಿ ನೋಡೋಣ:

"ಆತ್ಮೀಯ ಪರಿಸರ ಪ್ರೇಮಿಗಳೇ, ನಮಸ್ಕಾರ. ಕೆರೆಗಳು ನಮ್ಮ ಪೂರ್ವಿಕರು ನಮಗಾಗಿ ಬಿಟ್ಟುಹೋದ ಅಮೂಲ್ಯ ಆಸ್ತಿ. ಇಂದು ಅವು ಪ್ಲಾಸ್ಟಿಕ್ ತುಂಬಿ ನರಳುತ್ತಿವೆ. ಈ ನಿಟ್ಟಿನಲ್ಲಿ ನಮ್ಮ ಬಳಗದ ವತಿಯಿಂದ ಬರುವ ಭಾನುವಾರ ಮುಂಜಾನೆ ಕುಕ್ಕರಹಳ್ಳಿ ಕೆರೆಯಲ್ಲಿ ಸ್ವಚ್ಛತಾ ಅಭಿಯಾನ ಹಮ್ಮಿಕೊಳ್ಳಲಾಗಿದೆ. ತಾವೆಲ್ಲರೂ ಅಗತ್ಯ ಸಾಮಗ್ರಿಗಳೊಂದಿಗೆ ಸರಿಯಾದ ಸಮಯಕ್ಕೆ ಹೆಚ್ಚಿನ ಸಂಖ್ಯೆಯಲ್ಲಿ ಆಗಮಿಸಿ ಕಾರ್ಯಕ್ರಮವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ."

ಬರೆದವರ ಕಾಳಜಿಯಲ್ಲಿ ಕೊರತೆಯಿಲ್ಲ, ಭಾಷೆಯಲ್ಲೂ ತಪ್ಪಿಲ್ಲ. ಆದರೆ ಇದನ್ನು ಓದಿ ಹೊರಡಬೇಕೆನ್ನುವವರಿಗೆ ಬೇಕಾದ ಒಂದು ಸಂಗತಿಯೂ ಇದರಲ್ಲಿ ಪೂರ್ತಿಯಾಗಿಲ್ಲ. ಮುಂಜಾನೆ ಎಂದರೆ ಐದೂವರೆಯೋ, ಏಳೋ? "ಸರಿಯಾದ ಸಮಯ" ಎಂದಿದೆ, ಆ ಸಮಯ ಯಾವುದೆಂದು ಎಲ್ಲೂ ಇಲ್ಲ. "ಅಗತ್ಯ ಸಾಮಗ್ರಿ" ಎಂದರೆ ಪೊರಕೆಯೋ, ಗುದ್ದಲಿಯೋ?

ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು "ಬರುವ ಭಾನುವಾರ" ಎಂಬ ಎರಡು ಪದ. ಗುರುವಾರ ಬರೆದವರಿಗೆ ಅದು ಸ್ಪಷ್ಟವೇ. ಅದೇ ಸಂದೇಶ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿ, ಸೋಮವಾರ ಯಾರದೋ ಚಿಕ್ಕಮ್ಮನ ಫೋನಿಗೆ ಬಂದರೆ, ಮುಗಿದುಹೋದ ಕಾರ್ಯಕ್ರಮವೇ ಮುಂದಿನ ವಾರದ ಕಾರ್ಯಕ್ರಮವಾಗುತ್ತದೆ. ಫಾರ್ವರ್ಡ್ ಆದ ಸಂದೇಶಕ್ಕೆ ತಾನು ಮೊದಲು ಹುಟ್ಟಿದ ದಿನ ನೆನಪಿರುವುದಿಲ್ಲ. ಆದ್ದರಿಂದ ದಿನಾಂಕ, ವಾರ ಎರಡೂ ಇರಬೇಕು, ಇಸವಿಯೂ ಇರಬೇಕು. ಹಳೆಯ ಸಂದೇಶ ಮುಂದಿನ ವರ್ಷ ಮತ್ತೆ ಸುತ್ತಾಡಲು ಹೊರಟಾಗ ಅದನ್ನು ತಡೆಯುವುದು ಇಸವಿಯೊಂದೇ. ವಾರವನ್ನೂ ಬರೆದರೆ ಮತ್ತೊಂದು ಲಾಭವಿದೆ: ಬೆರಳು ತಪ್ಪಿ 18ರ ಬದಲು 19 ಎಂದು ಒತ್ತಿದ್ದರೆ, "ಭಾನುವಾರ" ಎಂಬ ಪದ ನೋಡಿ ಓದುಗರೇ ತಪ್ಪನ್ನು ಹಿಡಿಯುತ್ತಾರೆ.

ಜಾಗದ ವಿಷಯ ಇನ್ನೂ ತೊಡಕಿನದು, ಏಕೆಂದರೆ ಕೆರೆ ಎನ್ನುವುದು ಒಂದು ವಿಳಾಸವಲ್ಲ. ಕುಕ್ಕರಹಳ್ಳಿ ಕೆರೆಯನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಈ ಕೆರೆಯನ್ನು ಸುತ್ತಿಬರಲು ಚುರುಕಾಗಿ ನಡೆಯುವವರಿಗೂ ಮುಕ್ಕಾಲು ಗಂಟೆಯಾದರೂ ಬೇಕು. ಹುಣಸೂರು ರಸ್ತೆಯ ಕಡೆಯಿಂದಲೂ ಒಳಗೆ ಬರಬಹುದು, ಬೋಗಾದಿ ರಸ್ತೆಯ ಕಡೆಯಿಂದಲೂ ಬರಬಹುದು. "ಕೆರೆ ಹತ್ತಿರ ಸೇರೋಣ" ಎಂದರೆ ಅರ್ಧ ಜನ ಒಂದು ದಡದಲ್ಲಿ, ಉಳಿದರ್ಧ ಜನ ಎದುರು ದಡದಲ್ಲಿ ನಿಂತು ಪರಸ್ಪರ ಫೋನ್ ಮಾಡಿಕೊಳ್ಳುವುದು ಖಚಿತ. ಇನ್ನು ಬೆಂಗಳೂರಿನಲ್ಲಿ ಕೆರೆಯ ಹೆಸರು ಹೇಳಿದರೂ ಸಾಲದ ಸಂದರ್ಭಗಳಿವೆ. ಪುಟ್ಟೇನಹಳ್ಳಿ ಕೆರೆ ಜೆ.ಪಿ. ನಗರದಲ್ಲೊಂದಿದೆ, ಯಲಹಂಕದಲ್ಲಿ ಇನ್ನೊಂದಿದೆ. ಒಂದು ನಗರದ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ.

ಮ್ಯಾಪ್ ಲಿಂಕ್ ಹಾಕಿದರೆ ಸಾಕಲ್ಲವೇ ಎಂದು ಕೇಳಬಹುದು. ಕೆರೆಯ ಹೆಸರು ಹುಡುಕಿ ಸಿಕ್ಕಿದ ಲಿಂಕನ್ನೇ ಹಾಕಿದರೆ ಸಾಲದು. ಹಾಗೆ ಹುಡುಕಿದಾಗ ಗುರುತು ಬೀಳುವುದು ಸಾಮಾನ್ಯವಾಗಿ ನೀರಿನ ನಟ್ಟನಡುವೆ. ದಾರಿ ತೋರಿಸುವ ಆ್ಯಪ್ ಆ ಗುರುತಿಗೆ ಹತ್ತಿರವಿರುವ ಯಾವುದೋ ರಸ್ತೆಗೆ ತಂದು ಬಿಟ್ಟು "ತಲುಪಿದಿರಿ" ಎನ್ನುತ್ತದೆ, ಮುಂದೆ ನೋಡಿದರೆ ತಂತಿಬೇಲಿ. ಸಂಘಟಕರು ಮಾಡಬೇಕಾದದ್ದು ಇಷ್ಟೇ: ಮ್ಯಾಪ್ ತೆರೆದು, ಜನ ಸೇರಬೇಕಾದ ಗೇಟಿನ ಮೇಲೆಯೇ ಬೆರಳು ಒತ್ತಿ ಹಿಡಿದು ಗುರುತು ಬೀಳಿಸಿ, ಆ ಲಿಂಕನ್ನು ಕಳಿಸಬೇಕು. ಅದರ ಜೊತೆಗೆ ಗೇಟಿನ ಹೆಸರನ್ನು ಮಾತಿನಲ್ಲೂ ಬರೆಯಬೇಕು. ಆಟೋದಲ್ಲಿ ಬರುವವರು ಚಾಲಕರಿಗೆ ತೋರಿಸುವುದು ಲಿಂಕನ್ನಲ್ಲ, ಬಾಯಲ್ಲಿ ಹೇಳುವುದು ರಸ್ತೆಯ ಹೆಸರನ್ನು. ಯಾವ ಗೇಟು ಅಲ್ಲ ಎಂಬುದನ್ನೂ ಒಂದು ಮಾತಿನಲ್ಲಿ ಹೇಳಿಬಿಟ್ಟರೆ ಇನ್ನೂ ಒಳ್ಳೆಯದು.

ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಮರೆತುಹೋಗುವುದು ಕಾಲಿನ ವಿಷಯ. ಕೆರೆ ದಂಡೆಯ ಹುಲ್ಲಿನಲ್ಲಿ ಒಡೆದ ಬಾಟಲಿಯ ಚೂರು ಕಣ್ಣಿಗೆ ಕಾಣುವುದಿಲ್ಲ. ಇಲಿಯ ಮೂತ್ರ ಬೆರೆತ ಕೊಳೆನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಹಾಗಾಗಿ ಪಾದ ಪೂರ್ತಿ ಮುಚ್ಚುವ ಬೂಟು ಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯಲೇಬೇಕು. ಇಲ್ಲದಿದ್ದರೆ ಭಾನುವಾರ ಬೆಳಗ್ಗೆ ಜನ ಚಪ್ಪಲಿಯಲ್ಲೇ ಬರುತ್ತಾರೆ, ಅವರನ್ನು ವಾಪಸು ಕಳಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಸಂಘಟಕರು ಏನು ಕೊಡುತ್ತಾರೆ ಎಂಬುದನ್ನೂ ಬೇರೆ ಸಾಲಿನಲ್ಲಿ ಹೇಳಬೇಕು. ಗ್ಲೌಸ್ ಸಿಗುತ್ತದೆಯೋ ಇಲ್ಲವೋ ಗೊತ್ತಾಗದೆ ಶನಿವಾರ ರಾತ್ರಿ ಇಪ್ಪತ್ತು ಜನ ಫೋನ್ ಮಾಡುವುದು ಆಗ ತಪ್ಪುತ್ತದೆ.

ಇದನ್ನೆಲ್ಲ ಸೇರಿಸಿ ಅದೇ ಸಂದೇಶವನ್ನು ಮತ್ತೆ ಬರೆದರೆ ಹೀಗಾಗುತ್ತದೆ:

```
*ಕುಕ್ಕರಹಳ್ಳಿ ಕೆರೆ ದಂಡೆ ಸ್ವಚ್ಛತೆ*
*2026 ಜನವರಿ 18, ಭಾನುವಾರ, ಬೆಳಗ್ಗೆ 6:30ರಿಂದ 8:30*
*ಸೇರುವ ಜಾಗ:* ಹುಣಸೂರು ರಸ್ತೆ ಕಡೆಯ ಗೇಟಿನ ಒಳಗೆ,
ಹಳದಿ ಬ್ಯಾನರ್ ಹತ್ತಿರ. ಬೋಗಾದಿ ರಸ್ತೆ ಗೇಟ್ ಅಲ್ಲ.
*ನೀವು ತನ್ನಿ:* ನೀರಿನ ಬಾಟಲಿ, ಟೋಪಿ.
ಬೂಟು ಹಾಕಿಕೊಂಡೇ ಬನ್ನಿ, ಚಪ್ಪಲಿ ಬೇಡ.
*ನಾವು ಕೊಡುತ್ತೇವೆ:* ಗ್ಲೌಸ್, ಗೋಣಿಚೀಲ.
ಯಾರೂ ನೀರಿಗೆ ಇಳಿಯುವುದಿಲ್ಲ. ಮಕ್ಕಳ ಜೊತೆ
ಮನೆಯ ದೊಡ್ಡವರೊಬ್ಬರು ಇರಬೇಕು.
```

ಇದರ ಕೆಳಗೆ ಗೇಟಿನ ಮ್ಯಾಪ್ ಲಿಂಕ್, ಒಂದು ಫೋನ್ ನಂಬರು. ಸಾಲಿನ ಎರಡೂ ತುದಿಯಲ್ಲಿರುವ ನಕ್ಷತ್ರ ಚಿಹ್ನೆ ವಾಟ್ಸಾಪಿನಲ್ಲಿ ಅಕ್ಷರಗಳನ್ನು ದಪ್ಪ ಮಾಡುತ್ತದೆ. ನಕ್ಷತ್ರಕ್ಕೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟರೆ ಮಾತ್ರ ಅದು ಕೆಲಸ ಮಾಡುವುದಿಲ್ಲ. ಪೂರ್ವಿಕರ ಆಸ್ತಿಯ ಮಾತು ಎಲ್ಲಿ ಹೋಯಿತು ಎಂದು ಕೆಲವರಿಗೆ ಬೇಸರವಾಗಬಹುದು. ಅದನ್ನು ಬಿಡಬೇಕಿಲ್ಲ, ಕೊನೆಗೆ ಸೇರಿಸಿದರಾಯಿತು. ಉದ್ದನೆಯ ಸಂದೇಶದ ಮೇಲ್ಭಾಗವನ್ನಷ್ಟೇ ತೋರಿಸಿ ಉಳಿದದ್ದನ್ನು ವಾಟ್ಸಾಪ್ ಮಡಚಿಡುತ್ತದೆ. ಆ ಮೇಲ್ಭಾಗ ದಿನಾಂಕಕ್ಕೂ ಗೇಟಿಗೂ ಮೀಸಲು.

ಬಣ್ಣದ ಪೋಸ್ಟರ್ ಮಾಡುವ ಬಳಗಗಳು ಒಂದು ಸಂಗತಿ ಗಮನಿಸಬೇಕು. ಚಿತ್ರದೊಳಗಿನ ಮ್ಯಾಪ್ ಲಿಂಕನ್ನು ಒತ್ತಿ ತೆರೆಯಲು ಬರುವುದಿಲ್ಲ. ಕಣ್ಣು ಕಾಣದವರ ಫೋನು ಚಿತ್ರದೊಳಗಿನ ಬರಹವನ್ನು ಸರಿಯಾಗಿ ಓದಿ ಹೇಳುತ್ತದೆಂಬ ಭರವಸೆಯೂ ಇಲ್ಲ. ಪೋಸ್ಟರ್ ಬೇಕಿದ್ದರೆ ಇರಲಿ, ಅದರ ಕೆಳಗೆ ಇದೇ ಬರಹ ಅಕ್ಷರರೂಪದಲ್ಲೂ ಹೋಗಲಿ.

ಕಳಿಸಿದ ಮೇಲೆ ತಪ್ಪು ಕಂಡರೆ? ವಾಟ್ಸಾಪಿನಲ್ಲಿ ಕಳಿಸಿದ ಸಂದೇಶವನ್ನು ತಿದ್ದಲು 15 ನಿಮಿಷದ ಅವಕಾಶವಿದೆ. ಆದರೆ ಅಷ್ಟರಲ್ಲಿ ಬೇರೆ ಗುಂಪುಗಳಿಗೆ ಹೋದ ಪ್ರತಿಗಳು ತಿದ್ದುಪಡಿಯಾಗುವುದಿಲ್ಲ. ಆಗ "ತಿದ್ದುಪಡಿ" ಎಂಬ ಪದದಿಂದಲೇ ಶುರುವಾಗುವ ಹೊಸ ಸಂದೇಶವನ್ನು, ಬದಲಾದ ಒಂದೇ ಸಾಲನ್ನಲ್ಲ, ಪೂರ್ತಿ ವಿವರದೊಂದಿಗೆ ಕಳಿಸಬೇಕು. ತಪ್ಪು ಕಳಿಸುವ ಮೊದಲೇ ಸಿಗಬೇಕೆಂದರೆ ಬಳಗಕ್ಕೆ ಸೇರದ ಒಬ್ಬರಿಗೆ, ಮನೆಯಲ್ಲಿರುವ ಅಜ್ಜಿಗೋ ಪಕ್ಕದ ಮನೆಯವರಿಗೋ, ಒಮ್ಮೆ ಓದಲು ಕೊಟ್ಟು ಫೋನು ವಾಪಸು ತೆಗೆದುಕೊಳ್ಳಿ. ಯಾವತ್ತು, ಎಲ್ಲಿ, ಏನು ತರಬೇಕು ಎಂದು ಕೇಳಿ. ಅವರು ತಡವರಿಸಿದ ಕಡೆಯೇ ಸಂದೇಶ ತಿದ್ದಬೇಕಾದ ಜಾಗ.

ಇನ್ನೊಂದು ಕೆಲಸ ಫೋನಿನಲ್ಲಿ ಆಗುವಂಥದ್ದಲ್ಲ. ಸಂದೇಶ ಕಳಿಸುವ ಹಿಂದಿನ ದಿನ, ಅದರಲ್ಲಿ ಬರೆದ ಹೊತ್ತಿಗೇ ಆ ಗೇಟಿನ ಬಳಿಗೆ ಒಮ್ಮೆ ಹೋಗಿ ಬನ್ನಿ. ಬೀಗ ಎಷ್ಟು ಗಂಟೆಗೆ ತೆಗೆಯುತ್ತಾರೆಂದು ಕಾವಲುಗಾರರನ್ನೇ ಕೇಳಿಕೊಳ್ಳಿ.