ತಲುಪಿತು ಸರಿ, ತಲುಪಿದ್ದು ಯಾರಿಗೆ?

ಬಲ್ಕ್ ಎಸ್ಎಂಎಸ್ ಕಳುಹಿಸಿದ ಅಂಗಡಿಯವರು ಮೊದಲು ನೋಡುವುದು ಡೆಲಿವರಿ ರಿಪೋರ್ಟನ್ನು. ನೂರಕ್ಕೆ ತೊಂಬತ್ತರಷ್ಟು ತಲುಪಿದ್ದರೆ ಪಟ್ಟಿ ಚೆನ್ನಾಗಿದೆ ಎಂದು ಸಮಾಧಾನಪಡುತ್ತಾರೆ. ಆದರೆ ವರದಿಯಲ್ಲಿ DELIVRD ಎಂದಿದ್ದರೆ ಸಂದೇಶ ಆ ಸಂಖ್ಯೆಯ ಫೋನಿಗೆ ಹೋಯಿತು ಎಂದಷ್ಟೇ ಅರ್ಥ. ಆ ಫೋನು ಈಗ ಯಾರ ಕೈಯಲ್ಲಿದೆ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಸ್ಥಗಿತಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನಗಳ ಬಳಿಕ ಹೊಸ ಗ್ರಾಹಕರಿಗೆ ಕೊಡಬಹುದು. ಹೀಗೆ ಕೈ ಬದಲಾದ ಸಂಖ್ಯೆಗೆ ಸಂದೇಶ ಸಲೀಸಾಗಿ ತಲುಪುತ್ತದೆ, ಅಪರಿಚಿತರೊಬ್ಬರಿಗೆ. ಆದ್ದರಿಂದ ಡೆಲಿವರಿ, ಕ್ಲಿಕ್, ಆಪ್ಟ್‌-ಔಟ್ ಮೂರನ್ನೂ ಒಟ್ಟಿಗೆ, ಅದೂ ಸಂಖ್ಯೆಗಳನ್ನು ಸಂಗ್ರಹಿಸಿದ ಕಾಲಕ್ಕೆ ತಕ್ಕಂತೆ ವಿಂಗಡಿಸಿ ಓದಬೇಕು.

ಬಟ್ಟೆ ಅಂಗಡಿಯೊಂದರ ಬಳಿ 10,000 ಸಂಖ್ಯೆಗಳಿವೆ ಎಂದಿಟ್ಟುಕೊಳ್ಳಿ. ತಲುಪಿದ್ದು 8,800, ಅವರಲ್ಲಿ 264 ಜನ ಲಿಂಕ್ ಒತ್ತಿದರು, 44 ಜನ ಸಂದೇಶ ಬೇಡವೆಂದರು. ಅಂದರೆ ಡೆಲಿವರಿ ಶೇ 88, ತಲುಪಿದವರ ಪೈಕಿ ಕ್ಲಿಕ್ ಶೇ 3, ಆಪ್ಟ್‌-ಔಟ್ ಶೇ 0.5. ಗಾಬರಿಪಡುವಂಥದ್ದೇನೂ ಕಾಣದು. ಈಗ ಪಟ್ಟಿಯನ್ನು ಎರಡು ಮಾಡಿ. ಈಚೆಗೆ ಸೇರಿದ 6,000 ಸಂಖ್ಯೆಗಳಲ್ಲಿ 5,800ಕ್ಕೆ ತಲುಪಿ, 240 ಕ್ಲಿಕ್, 14 ಆಪ್ಟ್‌-ಔಟ್ ಬಂದಿವೆ. ಮೂರು ವರ್ಷಕ್ಕಿಂತ ಹಳೆಯ 4,000ದಲ್ಲಿ ತಲುಪಿದ್ದು 3,000. ಕ್ಲಿಕ್ ಬರೀ 24, ಬೇಡವೆಂದವರು 30. ಹಳೆಯ ಗುಂಪಿನಲ್ಲಿ ಲಿಂಕ್ ಒತ್ತಿದವರಿಗಿಂತ ಬೇಡವೆಂದವರೇ ಹೆಚ್ಚು. ಸರಾಸರಿ ಮುಚ್ಚಿಟ್ಟಿದ್ದು ಇದನ್ನೇ.

ಲಿಂಕ್ ಒತ್ತದೆಯೇ ಗ್ರಾಹಕರು ಅಂಗಡಿಗೆ ಬರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಎರಡೂ ಗುಂಪಿಗೆ ಬೇರೆ ಬೇರೆ ರಿಯಾಯಿತಿ ಕೋಡ್ ಕೊಟ್ಟು, ಬಿಲ್ಲಿಂಗ್ ಕೌಂಟರಿನಲ್ಲಿ ಯಾವುದು ಎಷ್ಟು ಬಂತೆಂದು ಎಣಿಸಿದರಾಯಿತು. ಆಪ್ಟ್‌-ಔಟ್ ಕಡಿಮೆಯಿದ್ದರೆ ಸಾಲದೇ ಎಂದೂ ಕೇಳಬಹುದು. ಸಾಲದು. ಕಿರಿಕಿರಿಯಾದವರು ಸುಮ್ಮನೆ ಬ್ಲಾಕ್ ಮಾಡಿಬಿಡಬಹುದು. ಅದು ಆಪ್ಟ್‌-ಔಟ್ ಲೆಕ್ಕಕ್ಕೆ ಸಿಗುವುದಿಲ್ಲ. ಕೆಲವರು 1909ಕ್ಕೆ ದೂರು ಕೊಡುತ್ತಾರೆ. ಆಪ್ಟ್‌-ಔಟ್ ಇಲ್ಲದೆ ಕ್ಲಿಕ್ಕೂ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಆ ಮೌನವನ್ನು ಒಪ್ಪಿಗೆ ಎಂದುಕೊಳ್ಳುವಂತಿಲ್ಲ.

ಹಾಗೆಂದು ಹಳೆಯ ಸಂಖ್ಯೆಗಳನ್ನೆಲ್ಲ ಅಳಿಸುವುದೂ ಆತುರವೇ. ತಲುಪದ ಸಂದೇಶಗಳ ಕಾರಣಗಳೂ ಬೇರೆ ಬೇರೆ. EXPIRED ಎಂದಿದ್ದರೆ ಗಡುವಿನೊಳಗೆ ಫೋನ್ ಸಿಕ್ಕಿಲ್ಲ. ಆಫ್ ಆಗಿದ್ದಿರಬಹುದು, ಇನ್ನೊಂದು ದಿನ ನೋಡಬೇಕು. ಡಿಎನ್‌ಡಿ ಕಾರಣಕ್ಕೆ ತಡೆದಿದ್ದರೆ ಸಂಖ್ಯೆ ಜೀವಂತವಿದೆ, ಅನುಮತಿಯಿಲ್ಲ ಅಷ್ಟೆ. ಸಂಖ್ಯೆಯೇ ಚಾಲ್ತಿಯಲ್ಲಿಲ್ಲ ಎಂದು ಪದೇ ಪದೇ ಬಂದದ್ದನ್ನು ಮಾತ್ರ ಕೂಡಲೇ ತೆಗೆಯಬೇಕು. ತಲುಪಿಯೂ ಹಲವು ಬಾರಿ ಕ್ಲಿಕ್ಕಾಗಲಿ ಕೋಡ್ ಬಳಕೆಯಾಗಲಿ ಕಾಣದ ಸಂಖ್ಯೆಗಳಿಗೆ ಪ್ರಚಾರ ನಿಲ್ಲಿಸಿ, ಆ ಗ್ರಾಹಕರು ಮುಂದೆ ಬಿಲ್ ಮಾಡಿಸುವಾಗ ಸಂಖ್ಯೆಯನ್ನು ಅವರಿಂದಲೇ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು. ಪಟ್ಟಿ ಚಿಕ್ಕದಾಗುತ್ತದೆ, ಆದರೆ ಪ್ರತಿ ಸಂದೇಶಕ್ಕೆ ತೆರುವ ಹಣ ಗ್ರಾಹಕರಿಗೇ ಸಲ್ಲುತ್ತದೆ.