ಲಾರಿ ತಡೆಯುವ ಒಂದು ಪತ್ರ

ಪೀಣ್ಯದಲ್ಲಿ ಪಂಪ್‌ಸೆಟ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳೋಣ. ದಾವಣಗೆರೆಯ ಡೀಲರ್ ಒಬ್ಬರಿಗೆ 1,70,000 ರೂಪಾಯಿ ಮಾಲು ಪ್ಯಾಕ್ ಆಗಿ ನಿಂತಿದೆ. ಅಷ್ಟರಲ್ಲಿ ಅಕೌಂಟ್ಸ್‌ನಿಂದ ಸೇಲ್ಸ್‌ನವರಿಗೆ ಸಂದೇಶ ಬರುತ್ತದೆ: ‘ಈ ಪಾರ್ಟಿ ಯಾವಾಗಲೂ ಹೀಗೇ. ದುಡ್ಡು ಬರೋವರೆಗೆ ಒಂದು ಪೀಸೂ ಕಳಿಸಬೇಡಿ.’

ಸೇಲ್ಸ್‌ನವರು ಸಿಟ್ಟಿನಲ್ಲಿ ಅದರ ಸ್ಕ್ರೀನ್‌ಶಾಟ್ ತೆಗೆದು ನೇರವಾಗಿ ಡೀಲರ್‌ಗೇ ವಾಟ್ಸ್ಆ್ಯಪ್ ಮಾಡುತ್ತಾರೆ. ಕಚೇರಿಯ ಒಳಗಿನ ಮಾತು ಒಳಗೇ ಉಳಿಯುತ್ತದೆ ಎಂದು ನಂಬಿದ ಲೆಕ್ಕಿಗರು ಮೋಸಹೋಗುವುದು ಇಲ್ಲೇ.

ಅಕೌಂಟ್ಸ್‌ನವರ ಅವಸರಕ್ಕೂ ಕಾರಣವಿದೆ. ಮಾಲಿನ ದುಡ್ಡು ಬಂದಿರಲಿ, ಬಿಡಲಿ, ಬಿಲ್ ಹರಿದ ಮೇಲೆ ಜಿಎಸ್‌ಟಿ ಕಟ್ಟಲೇಬೇಕು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಮುಂದಿನ ತಿಂಗಳ 20 ಕೊನೆಯ ದಿನ. ಮೇ 28ರ ಬಿಲ್ಲಿನ ತೆರಿಗೆಯನ್ನು ಜೂನ್ 20ರೊಳಗೆ ಲೆಕ್ಕಕ್ಕೆ ತಂದಾಗಿದೆ. ಡೀಲರ್‌ನ ಹಣ ಆಗಸ್ಟ್ ಆದರೂ ಬಂದಿಲ್ಲ.

ಆದರೂ ಸಂದೇಶ ಬರೆಯುವ ಮೊದಲು ಲೆಡ್ಜರ್ ಒಮ್ಮೆ ಬಿಡಿಸಿ ನೋಡಬೇಕು. ಈ ಡೀಲರ್‌ಗೆ 45 ದಿನದ ಉದ್ದರಿ, 5,00,000 ರೂಪಾಯಿ ಮಿತಿ. ಆಗಸ್ಟ್ 12ರಂದು ಬಿಲ್ಲುವಾರು ಪಟ್ಟಿಯಲ್ಲಿ ಒಟ್ಟು 7,00,000 ಬಾಕಿ ಕಾಣುತ್ತದೆ. ಅದರಲ್ಲಿ ಗಡುವು ಮೀರಿದವು ಎರಡೇ: ಮೇ 28ರ 1,80,000 ಮತ್ತು ಜೂನ್ 10ರ 2,05,000. ಉಳಿದ 3,15,000ಕ್ಕೆ ಇನ್ನೂ ಸಮಯವಿದೆ.

ಕೆದಕಿದಾಗ ಎರಡು ಸಂಗತಿ ಹೊರಬೀಳುತ್ತವೆ. ಜುಲೈನಲ್ಲಿ ಡೀಲರ್ ಕಳಿಸಿದ್ದ 60,000 ರೂಪಾಯಿ ಯಾವ ಬಿಲ್ಲಿಗೂ ಹೊಂದಿಕೆಯಾಗದೆ ‘ಆನ್ ಅಕೌಂಟ್’ ಎಂದು ಕುಳಿತಿದೆ. ಜೂನ್ 10ರ ಬಿಲ್ಲಿನಲ್ಲಿ ಒಡೆದು ವಾಪಸಾದ 42,000 ರೂಪಾಯಿ ಮಾಲಿಗೆ ಕಾರ್ಖಾನೆಯೇ ಇನ್ನೂ ಕ್ರೆಡಿಟ್ ನೋಟ್ ಕೊಟ್ಟಿಲ್ಲ. ಎರಡನ್ನೂ ಕಳೆದರೆ ನಿಜಕ್ಕೂ ತಡವಾಗಿರುವುದು 3,85,000 ಅಲ್ಲ, 2,83,000. ಮೊದಲ ಅಂಕಿಯನ್ನೇ ಬರೆದಿದ್ದರೆ ಡೀಲರ್ ಕ್ರೆಡಿಟ್ ನೋಟಿನ ಜಗಳ ತೆಗೆದು ಪೂರ್ತಿ ಹಣಕ್ಕೇ ಇನ್ನೊಂದು ತಿಂಗಳು ಸಿಕ್ಕಿಸಿಕೊಳ್ಳುತ್ತಿದ್ದರು. ಅದಕ್ಕೆ ಅವರ ಬಳಿ ನ್ಯಾಯವೂ ಇರುತ್ತಿತ್ತು.

ಇಷ್ಟು ನೋಡಿಕೊಂಡ ಮೇಲೆ ಬರೆದ ಸಂದೇಶ ಹೀಗಿದ್ದೀತು:

‘ಸರ್, ದಾವಣಗೆರೆ ಡೀಲರ್ ಖಾತೆಯಲ್ಲಿ ಇವತ್ತಿಗೆ 2,83,000 ರೂ. ಗಡುವು ಮೀರಿದೆ. ಮೇ 28ರ ಬಿಲ್ಲಿನಲ್ಲಿ 1,20,000 (31 ದಿನ ತಡ), ಜೂನ್ 10ರದರಲ್ಲಿ 1,63,000 (18 ದಿನ ತಡ). ಜುಲೈನಲ್ಲಿ ಬಂದ 60,000 ಮತ್ತು ವಾಪಸಾದ ಮಾಲಿನ 42,000 ಕಳೆದ ಮೇಲಿನ ಲೆಕ್ಕವಿದು. ಕ್ರೆಡಿಟ್ ನೋಟ್ ನಮ್ಮಿಂದ ತಡವಾಗಿದೆ, ನಾಳೆ ಕಳಿಸುತ್ತೇವೆ. ಹೊಸ ಡಿಸ್ಪ್ಯಾಚ್ ಇವತ್ತಿನಿಂದ ನಿಲ್ಲಿಸಿದ್ದೇವೆ, ಆರ್ಡರ್ ರದ್ದಾಗಿಲ್ಲ. 2,83,000 ಜಮೆಯಾದ ಕೂಡಲೇ 1,70,000ದ ಮಾಲು ಬಿಡುತ್ತೇವೆ. ಅವರು ನಿಮಗೆ ಬೇರೆ ತಾರೀಖು ಹೇಳಿದ್ದರೆ ಅಥವಾ ನಮಗೆ ತಿಳಿಯದ ತಕರಾರು ಇದ್ದರೆ ಇಂದು ಸಂಜೆಯೊಳಗೆ ತಿಳಿಸಿ.’

ಇದರಲ್ಲಿ ಡೀಲರ್‌ನ ಗುಣದ ಬಗ್ಗೆ ಒಂದು ಪದವೂ ಇಲ್ಲ. ‘ಯಾವಾಗಲೂ ಹೀಗೇ’ ಇದ್ದ ಕಡೆ ‘31 ದಿನ ತಡ’ ಬಂದಿದೆ. ಸೇಲ್ಸ್‌ನವರು ಇದನ್ನೇ ಡೀಲರ್‌ಗೆ ಕಳಿಸಿದರೂ ಯಾರ ಮುಖವೂ ಕೆಂಪಾಗುವುದಿಲ್ಲ. ತಮ್ಮ ಕಡೆಯ ತಪ್ಪನ್ನು ತಾವೇ ಮೊದಲು ಹೇಳಿಕೊಂಡದ್ದರಿಂದ ಉಳಿದ ಅಂಕಿಗಳಿಗೆ ತೂಕ ಬಂದಿದೆ.

ಬಿಡುಗಡೆಯ ಷರತ್ತು ಬಾಯಿಗೆ ಬಂದ ಅಂಕಿಯಲ್ಲ. 2,83,000 ಬಂದರೆ ಖಾತೆಯಲ್ಲಿ 3,15,000 ಉಳಿಯುತ್ತದೆ; ಹೊಸ ಮಾಲು ಸೇರಿದರೆ 4,85,000, ಮಿತಿಯೊಳಗೇ. ಡೀಲರ್ 1,50,000 ಮಾತ್ರ ಹಾಕಿ ‘ಲಾರಿ ಬಿಡಿ’ ಎಂದರೆ ಬಾಕಿ 6,18,000 ಮುಟ್ಟುತ್ತದೆ. ಆಗ ತಡೆ ತೆರವು ಮಾಡುವ ಅಧಿಕಾರ ಯಾರಿಗಿದೆ ಎಂಬುದು ಮೊದಲೇ ಗೊತ್ತಿರಬೇಕು. ಸಾಮಾನ್ಯವಾಗಿ ಅದು ಮಾಲೀಕರ ಅಥವಾ ಹಣಕಾಸಿನ ಮುಖ್ಯಸ್ಥರ ಕೆಲಸ. ಟಾರ್ಗೆಟ್ ಹೊತ್ತವರದಲ್ಲ, ಲೆಡ್ಜರ್ ಬರೆಯುವವರದೂ ಅಲ್ಲ.

ಎಡವುವ ಇನ್ನೊಂದು ಜಾಗವಿದೆ. ಹಣ ಶನಿವಾರ ಮಧ್ಯಾಹ್ನ ಜಮೆಯಾಗುತ್ತದೆ. ಡೀಲರ್ ಟ್ರಾನ್ಸ್‌ಫರ್‌ನ ಯುಟಿಆರ್ ನಂಬರ್ ಕಳಿಸುತ್ತಾರೆ, ಸೇಲ್ಸ್‌ನವರು ‘ಬಂತು’ ಎಂದು ಫೋನ್ ಮಾಡುತ್ತಾರೆ. ಆದರೆ ರಸೀದಿಯನ್ನು ಬಿಲ್ಲಿಗೆ ಹೊಂದಿಸಿ ತಡೆ ತೆಗೆಯಬೇಕಾದವರು ಆಗಲೇ ಮನೆಗೆ ಹೋಗಿದ್ದಾರೆ. ಸಾಫ್ಟ್‌ವೇರ್ ಬಿಲ್ ಮಾಡಲು ಬಿಡುವುದಿಲ್ಲ, ಪ್ಯಾಕಾದ ಪಂಪುಗಳು ಸೋಮವಾರದವರೆಗೆ ಗೋಡೌನಿನಲ್ಲೇ ಉಳಿಯುತ್ತವೆ, ಬುಕ್ ಮಾಡಿದ್ದ ಲಾರಿ ಬೇರೆ ಲೋಡ್ ಹತ್ತಿಸಿಕೊಂಡು ಹೊರಡುತ್ತದೆ.